ಎಲೆ ಬಿಟ್ಟು ಏಳದ ಚುಕ್ಕೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕುಣಿಗಲ್‌ನಲ್ಲಿರುವ ನಮ್ಮ ಮನೆಯವರು ಹೇಳುತ್ತಾರೆ. ತುಮಕೂರು ಬಟವಾಡಿಯ ನಮ್ಮ ಸ್ಕ್ಯಾನಿಂಗ್ ಸೆಂಟರಿನವರೂ ಅದನ್ನೇ ಹೇಳುತ್ತಾರೆ. ಈ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಿದವರಲ್ಲ, ಹಾಗಾಗಿ ಮಾತು ನಿಜವೇ ಇರಬೇಕು. ಹೆಸರು ಶಶಿಕಲಾ, ಹೊರಗಿನ ಬೋರ್ಡಿನಲ್ಲಿ ರೇಡಿಯಾಲಜಿಸ್ಟ್ ಎಂದಿದೆ. ಕೆಲಸ ಏನೆಂದರೆ, ಕತ್ತಲೆ ಕೋಣೆಯಲ್ಲಿ ಕೂತು ಜನರ ಹೊಟ್ಟೆಯೊಳಗಿನದನ್ನು ನೋಡಿ ಹೇಳುವುದು. ಕೋಣೆಯ ಬಾಗಿಲು ತೆರೆದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಏನೂ ಇಲ್ಲ ತಾನೇ ಡಾಕ್ಟ್ರೇ ಎಂದು. ಏನೂ ಇಲ್ಲದ ಹೊಟ್ಟೆಯನ್ನು ನಾನು ಇದುವರೆಗೆ ಕಂಡಿಲ್ಲ.

ಆವತ್ತು ಬಂದವಳು ಇಂಪನಾ ಎಂಬ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳು, ಊರಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಗುಬ್ಬಿಯಿಂದ ತನ್ನ ತಂದೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಕೂರಿಸಿಕೊಂಡು ಅನ್ನುವುದಕ್ಕಿಂತ ಹಿಡಿದುಕೊಂಡು ಬಂದಿದ್ದಳು ಅನ್ನುವುದು ಸರಿ. ತಂದೆ ಪುಟ್ಟರಂಗಯ್ಯನವರು ನಿವೃತ್ತ ಗಣಿತದ ಮೇಷ್ಟ್ರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಬೆನ್ನು ನೆಟ್ಟಗೆ. ಕಾಯುವವರ ಸಾಲಿನಲ್ಲಿ ಅವರು ಕೂತ ಮೇಲೆ ಅಕ್ಕಪಕ್ಕದಲ್ಲಿ ಕಾಲು ಚಾಚಿಕೊಂಡಿದ್ದವರೂ ಮಡಿಸಿಕೊಂಡು ಕೂತರು.

ವಿಷಯ ಹೀಗಿತ್ತು. ಮೇಷ್ಟ್ರ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಬಹಳ ವರ್ಷದಿಂದ ಸುಮ್ಮನೆ ಕೂತಿದೆ. ಅಂಥವರಿಗೆ ಲಿವರ್ ಕ್ಯಾನ್ಸರ್ ಬರುವ ಭಯ ಉಳಿದವರಿಗಿಂತ ಹೆಚ್ಚು. ಅವರ ತಮ್ಮ ಗಂಗಹನುಮಯ್ಯ ಅದರಲ್ಲೇ ತೀರಿಕೊಂಡಿದ್ದರು. ಈಗ ಅಣ್ಣನ ಲಿವರಿನಲ್ಲೂ ಅಲ್ಟ್ರಾಸೌಂಡಿನಲ್ಲಿ ಒಂದು ಚುಕ್ಕೆ ಕಂಡಿದೆ. ಮಗಳು ಅತ್ತು, ಮುನಿಸಿಕೊಂಡು, ಊಟ ಬಿಟ್ಟು, ಕೊನೆಗೆ ಸ್ಕ್ಯಾನಿಗೆ ಒಪ್ಪಿಸಿದ್ದಳು. ಒಂದೇ ಒಂದು ಸಲ, ಅದಾದ ಮೇಲೆ ಯಾರೂ ನನ್ನ ಮೈಗೆ ಸೂಜಿ ತರಬಾರದು, ಏನಿದ್ದರೂ ಇರಲಿ ಎಂದು ಅವರು ಮಾತು ತೆಗೆದುಕೊಂಡಿದ್ದರಂತೆ. ಗಣಿತದ ಮೇಷ್ಟ್ರು, ಆಡಿದ ಮಾತನ್ನು ಅಳಿಸಿ ಬರೆಯುವವರಲ್ಲ. ಇವತ್ತು ಉತ್ತರ ಸಿಗದಿದ್ದರೆ ಇನ್ನು ಸಿಗುವುದಿಲ್ಲ ಎಂಬುದು ಆ ಹುಡುಗಿಯ ಮುಖದಲ್ಲೇ ಇತ್ತು.

ಇದೆಲ್ಲ ಕೇಳುವಾಗ ನನ್ನ ಟೆಕ್ನೀಷಿಯನ್ ಅಂಜನ್‌ಕುಮಾರ್ ಪಕ್ಕದಲ್ಲಿ ಬೆವರುತ್ತಿದ್ದ. ಹತ್ತು ವರ್ಷದಿಂದ ಸ್ಕ್ಯಾನ್ ಮಾಡುತ್ತಿರುವವನು, ಯಾರ ಮುಂದೆಯೂ ಹೀಗೆ ಬೆವರಿದ್ದನ್ನು ನಾನು ನೋಡಿರಲಿಲ್ಲ. ಏನಾಯಿತು ಎಂದರೆ, ಅವರು ನಮ್ಮ ಮೇಷ್ಟ್ರು ಮೇಡಮ್, ಗುಬ್ಬಿ ಹೈಸ್ಕೂಲಿನಲ್ಲಿ ಮೂರು ವರ್ಷ ಲೆಕ್ಕ ಹೇಳಿಕೊಟ್ಟವರು ಎಂದ. ಹೊಡೆಯುತ್ತಿದ್ದರಾ ಎಂದು ಕೇಳಿದೆ. ಹೊಡೆಯುತ್ತಿರಲಿಲ್ಲವಂತೆ, ಬರೀ ನೋಡುತ್ತಿದ್ದರಂತೆ. ಆದರೆ ಅವರ ಪೀರಿಯಡ್ಡಿನಲ್ಲಿ ಯಾರನ್ನೂ ಒಂದಕ್ಕೆ ಬಿಡುತ್ತಿರಲಿಲ್ಲ. ಯಾರಾದರೂ ಕಿರುಬೆರಳು ಎತ್ತಿದರೆ ಕಪ್ಪು ಹಲಗೆಯಿಂದ ತಿರುಗದೆಯೇ, ಪೀರಿಯಡ್ ಮುಗೀಲಿ ಎನ್ನುತ್ತಿದ್ದರಂತೆ. ಒಮ್ಮೆ ಅಂಜನ್ ಬೀಜಗಣಿತದ ಪೂರ್ತಿ ಒಂದು ಅಧ್ಯಾಯವನ್ನು ಕಾಲ ಮೇಲೆ ಕಾಲು ಹಾಕಿಕೊಂಡೇ ಕಲಿತನಂತೆ. ಇವತ್ತಿಗೂ ಅದು ಚೆನ್ನಾಗಿ ನೆನಪಿದೆ ಎಂದ.

ಮೇಷ್ಟ್ರ ಸೊಂಟದಲ್ಲಿ ಬೆಳ್ಳಿ ಉಡಿದಾರ ಇತ್ತು. ಲೋಹ ಇದ್ದರೆ ಚಿತ್ರದಲ್ಲಿ ಗೆರೆ ಬೀಳುತ್ತದೆ, ತೆಗೆಯಬೇಕು. ಮದುವೆಯ ಸಮಯದಲ್ಲೂ ತೆಗೆದಿರಲಿಲ್ಲ ಎಂದು ಅವರು, ತೆಗೆಯಲೇಬೇಕು ಎಂದು ನಾನು. ಕೊನೆಗೆ ಬಟ್ಟೆ ಬದಲಿಸುವ ಕೋಣೆಯಿಂದ ಸೆಂಟರಿನ ನೀಲಿ ಗೌನು ಹಾಕಿಕೊಂಡು ಹೊರಬಂದು, ಉಡಿದಾರವನ್ನು ಕರವಸ್ತ್ರದಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅಂಜನ್ ಅವರ ಮೊಣಕೈ ಮಡಿಕೆಯಲ್ಲಿ ಸೂಜಿಯ ಕೊಳವೆ ಕೂರಿಸುವಾಗ ನಾನು ಇಂಪನಾಗೆ ಸ್ಕ್ಯಾನ್ ಹೇಗೆ ನಡೆಯುತ್ತದೆ ಎಂದು ಹೇಳಿದೆ. ಸಾಮಾನ್ಯವಾಗಿ ನಾನು ಹೇಳುವವಳಲ್ಲ. ಆ ಹುಡುಗಿಯ ಮುಷ್ಟಿ ನೋಡಿ ಹೇಳಬೇಕೆನಿಸಿತು. ಲಿವರಿಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಹೃದಯದ ಕಡೆಯಿಂದ ನೇರವಾಗಿ ಬರುವ ಅಪಧಮನಿ ಒಂದು. ಕರುಳನ್ನೆಲ್ಲ ಸುತ್ತಿಕೊಂಡು ನಿಧಾನವಾಗಿ ಬರುವ ಪೋರ್ಟಲ್ ರಕ್ತನಾಳ ಇನ್ನೊಂದು. ಒಳ್ಳೆಯ ಲಿವರು ಮುಕ್ಕಾಲು ಪಾಲು ರಕ್ತವನ್ನು ಈ ಎರಡನೆಯದರಿಂದಲೇ ಪಡೆಯುತ್ತದೆ. ಕೈಗೆ ಚುಚ್ಚುವ ಔಷಧಿ ಎಲ್ಲಿ ಹೋಗುತ್ತದೋ ಅಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಆದ್ದರಿಂದ ಒಂದೇ ಜಾಗವನ್ನು ಮೂರು ಸಲ ತೆಗೆಯುತ್ತೇವೆ. ಮೊದಲನೆಯದು ಚುಚ್ಚಿದ ಅರ್ಧ ನಿಮಿಷದ ಆಸುಪಾಸಿನಲ್ಲಿ, ಔಷಧಿ ಅಪಧಮನಿಯಲ್ಲಿರುವಾಗ. ಎರಡನೆಯದು ನಿಮಿಷ ದಾಟಿದ ಮೇಲೆ, ಪೋರ್ಟಲ್ ನಾಳದಿಂದ ಇಡೀ ಲಿವರು ಬೆಳಗಿದಾಗ. ಮೂರನೆಯದು ಇನ್ನೂ ಕೆಲವು ನಿಮಿಷ ತಡೆದು, ಔಷಧಿ ಇಳಿದುಹೋಗುತ್ತಿರುವಾಗ.

ಅವಳು ತಲೆಯಾಡಿಸಿದಳು, ಅರ್ಥವಾಗಿರಲಿಲ್ಲ. ಆಗ ನಾನು ಮದುವೆ ಊಟದ ಮಾತು ತೆಗೆದೆ. ಮೊದಲ ಪಂಕ್ತಿಗೆ ಕೆಲವರು ನುಗ್ಗುತ್ತಾರೆ. ಲಿವರು ಸಾವಧಾನದ್ದು, ಅದು ಎರಡನೇ ಪಂಕ್ತಿಗೆ ಕೂರುತ್ತದೆ. ಕ್ಯಾನ್ಸರ್ ಗಡ್ಡೆ ಅಪಧಮನಿಯ ರಕ್ತ ಕುಡಿದು ಬೆಳೆಯುವುದು, ಅದು ಮೊದಲ ಪಂಕ್ತಿಗೇ ನುಗ್ಗುತ್ತದೆ. ಗಬಗಬ ತಿಂದು ಎಲ್ಲರಿಗಿಂತ ಮೊದಲೇ ಎದ್ದು ಹೋಗುತ್ತದೆ. ಮೂರನೇ ಚಿತ್ರದ ಹೊತ್ತಿಗೆ ಸುತ್ತಲ ಲಿವರಿಗಿಂತ ಅದು ಕಪ್ಪಾಗಿ ಕಾಣುತ್ತದೆ. ಇನ್ನೊಂದು ಜಾತಿ ಇದೆ, ಹೆಮಾಂಜಿಯೋಮ ಅನ್ನುತ್ತೇವೆ, ಬರೀ ರಕ್ತನಾಳಗಳ ಗಂಟು, ನಿರಪಾಯಕಾರಿ. ಅದೂ ಬೇಗನೇ ಬಂದು ಕೂರಬಹುದು. ಆದರೆ ಅದರೊಳಗೆ ರಕ್ತ ನಿಧಾನವಾಗಿ ಸುತ್ತುತ್ತದೆ, ಬೇಗ ಏಳುವುದಿಲ್ಲ. ಎಲ್ಲರೂ ಕೈ ತೊಳೆದುಕೊಂಡು ಹೋದ ಮೇಲೂ ಎಲೆ ಮುಂದೆ ಕೂತು ಪಾಯಸ ಕೇಳುತ್ತಿರುತ್ತದೆ.

ಮೊದಲು ಬರೋದು ಯಾರು ಅನ್ನೋದು ಮುಖ್ಯ ಅಲ್ಲ, ಕೊನೆಗೆ ಕೂತಿರೋದು ಯಾರು ಅನ್ನೋದು ಮುಖ್ಯ, ಅಷ್ಟೇನಾ ಎಂದು ಅವಳು ಕೇಳಿದಳು. ಮೇಷ್ಟ್ರ ಮಗಳು.

ಒಳಗೆ ಅಂಜನ್ ಮೇಷ್ಟ್ರಿಗೆ ತಿಳಿವಳಿಕೆ ಹೇಳುತ್ತಿದ್ದ. ಇದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಹೇಳುವ ಮಾತು, ನಿದ್ದೆಯಲ್ಲಿ ಎಬ್ಬಿಸಿದರೂ ಅಂಜನ್ ಒಪ್ಪಿಸುತ್ತಾನೆ. ಔಷಧಿ ಹೋದಾಗ ಮೈಯೆಲ್ಲ ಬಿಸಿ ಆಗುತ್ತದೆ, ಬಾಯಿ ಒಂಥರಾ ರುಚಿ ಆಗುತ್ತದೆ, ಒಂದಕ್ಕೆ ಹೋಗಿಬಿಟ್ಟ ಹಾಗೆ ಅನಿಸುತ್ತದೆ, ನಿಜವಾಗಿ ಹೋಗಿರುವುದಿಲ್ಲ, ಹೆದರಬೇಡಿ, ಅಲುಗಾಡಬೇಡಿ. ಈ ಪೈಕಿ ಮೂರನೆಯ ಮಾತು ಗಂಟಲಿಗೆ ಬಂದಾಗ ಮೇಷ್ಟ್ರು ಅವನನ್ನು ನೋಡಿದರಂತೆ. ಹಲಗೆಯ ಮುಂದೆ ನಿಂತು ನೋಡುತ್ತಿದ್ದರಲ್ಲ, ಹಾಗೆ. ಅಂಜನ್ ಆ ಮಾತನ್ನು ನುಂಗಿಕೊಂಡ. ಸ್ವಲ್ಪ ಬಿಸಿ ಅನಿಸಬಹುದು ಸಾರ್, ಎಂದು ಹೇಳಿ ಕೈಕಟ್ಟಿಕೊಂಡು ಹಿಂದೆ ಹಿಂದೆ ಸರಿದು ಬಂದುಬಿಟ್ಟ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಮೇಷ್ಟ್ರು ಕೈಗಳೆರಡನ್ನೂ ತಲೆಯ ಮೇಲಕ್ಕೆ ಚಾಚಿ ಮಲಗಿದರು. ಅಂಜನ್ ಮೈಕಿನಲ್ಲಿ ಉಳಿದವರಿಗೆಲ್ಲ ಉಸಿರು ಎಳ್ಕೊಳಿ, ಹಿಡ್ಕೊಳಿ ಎನ್ನುವವನು ಇವರಿಗೆ ಮಾತ್ರ, ಸಾರ್, ದಯವಿಟ್ಟು ಉಸಿರನ್ನು ಒಳಗೆ ತೆಗೆದುಕೊಂಡು ಹಿಡಿದಿಟ್ಟುಕೊಳ್ಳಬೇಕಾಗಿ ಕೋರುತ್ತೇನೆ, ಎಂದ. ಅಷ್ಟು ಹೊತ್ತಿಗೆ ಅಪಧಮನಿಯ ಹಂತ ತಪ್ಪಿಹೋಗುತ್ತದೆ ಎಂದು ನಾನು ಗದರಿಸಿದೆ. ಆದರೂ ಮೊದಲ ಚಿತ್ರ ಚೆನ್ನಾಗಿಯೇ ಬಂತು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

ಲಿವರು ಇನ್ನೂ ಬೂದು ಬಣ್ಣದಲ್ಲಿತ್ತು. ಬಲಗಡೆ ಮೇಲ್ಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಚುಕ್ಕೆಯೊಂದು ಇಡಿಯಾಗಿ ಬೆಳ್ಳಗೆ ಹೊಳೆಯುತ್ತಿತ್ತು. ರಕ್ತನಾಳದ ಗಂಟು ದೊಡ್ಡದಾಗಿದ್ದರೆ ಅದು ಅಂಚಿನಲ್ಲಿ ತುಣುಕು ತುಣುಕಾಗಿ ಬೆಳಗಲು ಶುರುಮಾಡಿ, ಆಮೇಲೆ ನಿಧಾನವಾಗಿ ನಡುವಿನ ಕಡೆಗೆ ತುಂಬಿಕೊಳ್ಳುತ್ತದೆ. ಆಗ ಅನುಮಾನಕ್ಕೆ ಜಾಗವಿರುವುದಿಲ್ಲ. ಇದು ಚಿಕ್ಕದು, ಒಂದೇ ಏಟಿಗೆ ಪೂರ್ತಿ ಬೆಳಗಿಬಿಟ್ಟಿತ್ತು. ಚಿಕ್ಕ ಹೆಮಾಂಜಿಯೋಮ ಹೀಗೆ ಬೆಳಗುತ್ತದೆ. ಚಿಕ್ಕ ಕ್ಯಾನ್ಸರೂ ಹೀಗೆಯೇ ಬೆಳಗುತ್ತದೆ. ಹೆಪಟೈಟಿಸ್ ಬಿ ಇರುವ ಮನುಷ್ಯನಲ್ಲಿ ಮೊದಲು ನೆನಪಾಗುವುದು ಎರಡನೆಯದು. ಮೊದಲ ಪಂಕ್ತಿಗೆ ನುಗ್ಗಿದವರು ಯಾರೆಂದು ಮುಖ ನೋಡಿ ಹೇಳುವುದಕ್ಕೆ ಆಗುವುದಿಲ್ಲ, ಮುಂದಿನ ಎರಡು ಚಿತ್ರಕ್ಕಾಗಿ ಕಾಯಬೇಕು.

ಎರಡನೆಯದು ಬಂತು. ಬಂದದ್ದು ಮೇಷ್ಟ್ರ ಲಿವರೋ, ಅಲುಗಿಸಿದ ಬಕೀಟಿನ ನೀರೋ ಗೊತ್ತಾಗಲಿಲ್ಲ. ಎಲ್ಲದಕ್ಕೂ ಎರಡೆರಡು ಅಂಚು, ಪಕ್ಕೆಲುಬಿಗೆ ಜೋಡಿ ಪಕ್ಕೆಲುಬು, ಅಡ್ಡಕ್ಕೆ ಗೆರೆ. ಇಡೀ ಲಿವರು ಬೆಳಗಿತ್ತು ಅನ್ನುವುದಷ್ಟೇ ನಿಜ. ಚುಕ್ಕೆ ಅದರೊಳಗೆ ಬೆರೆತಿದೆಯೋ, ಸ್ವಲ್ಪ ಬೆಳ್ಳಗಿದೆಯೋ, ಸ್ವಲ್ಪ ಕಪ್ಪಗಿದೆಯೋ ದೇವರಿಗೇ ಗೊತ್ತು. ಅಲುಗಾಡಿದ್ದಾರೆ, ನೀನು ಸರಿಯಾಗಿ ಹೇಳಿಲ್ಲ ಎಂದು ನಾನು ಅಂಜನ್‌ಗೆ ನನ್ನ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸಿ ಬೈಯತೊಡಗಿದೆ. ಅವನು ಗಾಜಿನ ಕಿಟಕಿಗೆ ಬೆನ್ನು ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಹೋಗಲಿ, ಮೂರನೆಯದೇ ಗತಿ, ಅದರಲ್ಲಿ ಎಲ್ಲ ತೀರ್ಮಾನವಾಗುತ್ತದೆ, ಈ ಸಲವಾದರೂ ನೆಟ್ಟಗೆ ಮಲಗಿಸು ಎಂದು ಹೇಳಿ ಕಿಟಕಿಯ ಕಡೆ ನೋಡಿದೆ.

ಮೇಜು ಖಾಲಿ.

ಅಂಜನ್ ಒಳಗೆ ಓಡಿದ. ಸೂಜಿಯ ಕೊಳವೆಗೆ ಹಾಕಿದ್ದ ನಳಿಕೆ ಕಳಚಿ ಕೆಳಗೆ ತೂಗುತ್ತಿತ್ತು, ಅದರಲ್ಲಿ ಉಳಿದಿದ್ದ ಸಲೈನ್ ಹಾಸಿದ ಬಟ್ಟೆಯ ಮೇಲೆ ಚೆಲ್ಲಿ ಅಂಗೈ ಅಗಲ ಒದ್ದೆಯಾಗಿತ್ತು. ಒದ್ದೆಯಾಗಿದ್ದ ಜಾಗ ನೋಡಬೇಕು, ಸರಿಯಾಗಿ ಮಧ್ಯದಲ್ಲಿ. ಬದಲಿಸುವ ಕೋಣೆಯಲ್ಲಿ ಪಂಚೆ ಇರಲಿಲ್ಲ, ಶರ್ಟು ಇರಲಿಲ್ಲ, ಜನರೇಟರ್ ಕಡೆಗೆ ತೆರೆಯುವ ಹಿಂಬಾಗಿಲು ಓಲಾಡುತ್ತಿತ್ತು. ಅಂಜನ್ ಆ ಒದ್ದೆ ನೋಡಿದ, ನನ್ನ ಮುಖ ನೋಡಿದ, ಆಗ ಅವನಿಗೆ ಎಲ್ಲ ಹೊಳೆಯಿತು. ನುಂಗಿದ್ದ ಮಾತನ್ನು ಅಲ್ಲೇ ನಿಂತು ನನಗೆ ಕಕ್ಕಿದ.

ನಾನು ಏನೆಂದು ಬೈದೆನೋ ನೆನಪಿಲ್ಲ, ಬೈಯುತ್ತಲೇ ಓಡಿದ್ದು ನೆನಪಿದೆ. ಹೊತ್ತು ನಿಲ್ಲುವುದಿಲ್ಲ. ಒಳಗೆ ಹೋದ ಔಷಧಿಯನ್ನು ಮೂತ್ರಪಿಂಡಗಳು ಸೋಸಿ ಇಳಿಸುತ್ತಲೇ ಇರುತ್ತವೆ. ನಾಲ್ಕೈದು ನಿಮಿಷಕ್ಕೆ ತೆಗೆದರೆ ಚೆನ್ನ, ಹತ್ತು ನಿಮಿಷಕ್ಕೂ ಹೆಮಾಂಜಿಯೋಮ ಆದರೆ ಹೊಳಪು ಹಿಡಿದಿರುತ್ತದೆ. ತೀರ ತಡವಾದರೆ ಎಲ್ಲವೂ ಒಂದೇ ಬೂದು ಆಗಿ ಹೋಗುತ್ತದೆ, ಎಲೆ ಎತ್ತಿ ಚಾಪೆ ಸುತ್ತಿದ ಮೇಲೆ ಊಟಕ್ಕೆ ಕೂತವರು ಯಾರೆಂದು ಕೇಳಿದ ಹಾಗೆ. ಇನ್ನೊಂದು ದಿನ ಮತ್ತೆ ಚುಚ್ಚಿ ತೆಗೆಯಬಹುದಿತ್ತು. ಆ ಇನ್ನೊಂದು ದಿನ ಇಲ್ಲ ಎಂಬುದೇ ತೊಂದರೆ.

ಬಟವಾಡಿಯ ಸರ್ವೀಸ್ ರಸ್ತೆ ಬೆಳಿಗ್ಗೆ ಹನ್ನೊಂದರ ಹೊತ್ತಿನಲ್ಲಿ ಹೇಗಿರುತ್ತದೆ ಎಂದು ಅಲ್ಲಿ ಓಡಿದವರಿಗೇ ಗೊತ್ತು. ಮುಂದೆ ಅಂಜನ್, ಅವನ ಹಿಂದೆ ಬಿಳಿ ಕೋಟಿನಲ್ಲಿ ನಾನು. ಕಾಯುವ ಕೋಣೆಯಿಂದ ನಮ್ಮನ್ನು ನೋಡಿ ಹೆದರಿದ ಇಂಪನಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದಳು. ನನ್ನ ಮೈ ಓಡುವ ಮೈಯಲ್ಲ. ಔಷಧಿ ಅಂಗಡಿಯವನು ಮೆಟ್ಟಿಲಿಳಿದು ಬಂದು, ಯಾರು ಮೇಡಮ್ ಕಳ್ಳ ಎಂದು ಕೇಳಿದ. ಗಣಿತದ ಮೇಷ್ಟ್ರು ಎಂದೆ. ಅದು ಅವನಿಗೆ ಹೇಗೆ ಕೇಳಿಸಿತೋ, ಅವನೂ ನಾಲ್ಕು ಹೆಜ್ಜೆ ಓಡಿಬಂದ.

ಮೇಷ್ಟ್ರು ತಪ್ಪಿಸಿಕೊಂಡು ಊರು ಸೇರಬಹುದಿತ್ತು. ಗುಬ್ಬಿಯ ಕಡೆ ಹೋಗುವ ಆಟೋ ಹತ್ತಿಯೂ ಆಗಿತ್ತು. ಅವರನ್ನು ಹಿಡಿದು ನಿಲ್ಲಿಸಿದ್ದು ಅವರ ಮೂವತ್ತು ವರ್ಷದ ಸರ್ವೀಸು. ಆಟೋ ಓಡಿಸುವ ಚಿಕ್ಕಮಾರಯ್ಯನೂ ಅವರ ಶಿಷ್ಯನೇ. ಬಂದು ಕೂತವರ ಮುಖ ಕಂಡದ್ದೇ ಆಟೋ ಆಫ್ ಮಾಡಿ, ಇಳಿದು, ಚಪ್ಪಲಿ ಬಿಟ್ಟು, ರಸ್ತೆಯಲ್ಲೇ ಬಗ್ಗಿ ಕಾಲು ಮುಟ್ಟಿದ್ದ. ಈಗ ಬಾಗಿಲಿಗೆ ಅಡ್ಡ ನಿಂತು, ತನ್ನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಒಳ್ಳೆ ಅಂಕ ತೆಗೆದ ಸುದ್ದಿಯನ್ನು ಪ್ರಶ್ನೆಪತ್ರಿಕೆಯ ಸಮೇತ ಹೇಳುತ್ತಿದ್ದ. ಹೊರಡಪ್ಪ ಹೊರಡಪ್ಪ ಎಂದು ಮೇಷ್ಟ್ರು ಗೋಗರೆಯುತ್ತಿದ್ದರು. ಮೊದಲು ಒಂದು ಕಾಫಿ ಕುಡಿಸದೆ ನಿಮ್ಮನ್ನು ಕಳಿಸುವ ಮಾತೇ ಇಲ್ಲ ಎಂದು ಅವನು. ನಾನು ಆ ಮನುಷ್ಯನನ್ನು ಅಪ್ಪಿಕೊಳ್ಳಲಿಲ್ಲ ಅಷ್ಟೇ.

ನಮ್ಮನ್ನು ಕಂಡು ಮೇಷ್ಟ್ರು ಸೀಟಿನ ಮೂಲೆಗೆ ಸರಿದರು. ಶರ್ಟಿನ ಗುಂಡಿ ಅಡ್ಡಾದಿಡ್ಡಿ, ಕೆಳಗೆ ನೀಲಿ ಗೌನು ಇಣುಕುತ್ತಿತ್ತು. ಕೊಳವೆ ಕೈಯಲ್ಲೇ ಇತ್ತು. ಅವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಷ್ಟು ನಾಚಿಕೆಯಿಂದ ಕುಗ್ಗಿದ ದೊಡ್ಡ ಮನುಷ್ಯನನ್ನು ನಾನು ನೋಡಿರಲಿಲ್ಲ. ಇಂಪನಾ, ಅಪ್ಪ ಏನಾಯ್ತಪ್ಪ, ಎಂದು ಕೈ ಹಿಡಿದರೆ ಅವರು ಅವಳ ಕಡೆ ತಿರುಗಲಿಲ್ಲ.

“ಆಗೋದಾಗ್ಲಿ, ನಾನ್ ವಾಪಸ್ ಬರಲ್ಲ ಕಣಮ್ಮ,” ಎಂದು ನನಗೆ ಹೇಳಿದರು. “ಇಷ್ಟು ವರ್ಷ ಬಿಳಿ ಪಂಚೆ ಉಟ್ಕೊಂಡು ಬಾಳ್ದೋನು ನಾನು. ಆ ಹುಡುಗನ್ ಮುಂದೆ ಹಿಂಗಾಗ್ಬಾರ್ದಾಗಿತ್ತು.”

ಅಂಜನ್ ಮುಂದೆ ಬಂದು, ಅವನ ಕಣ್ಣಲ್ಲಿ ನೀರಿತ್ತು, ಕಾಲು ಜೋಡಿಸಿ ನಿಂತು, ನುಂಗಿದ್ದ ಮಾತನ್ನು ಈ ಸಲ ಹೇಳಬೇಕಾದವರಿಗೇ ಹೇಳಿದ.

“ಸಾರ್, ನೀವು ಒಂದಕ್ಕೆ ಹೋಗಿಲ್ಲ ಸಾರ್. ಆ ಔಷಧಿ ಹೋದ್ರೆ ಎಲ್ರಿಗೂ ಹಂಗೇ ಅನ್ಸುತ್ತೆ. ಒದ್ದೆ ಆಗಿರೋದು ಸಲೈನ್ ನೀರು. ನಾನು ಮೊದ್ಲೇ ಹೇಳ್ಬೇಕಿತ್ತು, ನಿಮ್ ಮುಂದೆ ಆ ಮಾತು ಆಡಕ್ಕೆ ನಂಗೆ ಬಾಯಿ ಬರ್ಲಿಲ್ಲ.”

ಮೇಷ್ಟ್ರು ಅವನನ್ನೇ ನೋಡಿದರು. ಉತ್ತರ ಸರಿಯಾಗಿದೆಯೋ, ಯಾರದಾದರೂ ನೋಡಿ ಬರೆದನೋ ಎಂದು ಪರೀಕ್ಷಿಸುವ ನೋಟ. ಅಷ್ಟರಲ್ಲಿ ಚಿಕ್ಕಮಾರಯ್ಯ ನಡುವೆ ಬಾಯಿ ಹಾಕಿದ. ಅಪೆಂಡಿಕ್ಸ್ ನೋವಿಗೆ ತನಗೂ ಇಂಥದ್ದೇ ಸ್ಕ್ಯಾನ್ ಮಾಡಿದ್ದರಂತೆ. ಔಷಧಿ ಹೋದ ಕೂಡಲೇ ಕೆರೆ ಕೋಡಿ ಬಿದ್ದ ಹಾಗೆ ಅನಿಸಿ, ಇಳಿದು ನೋಡಿಕೊಂಡರೆ ಪೂರ್ತಿ ಒಣಗಿತ್ತಂತೆ. ಇದನ್ನು ಅವನು ಅಂಗಡಿಯವರಿಗೂ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸುವ ಹಾಗೆ ಹೇಳಿದ. ಹೌದು ಹೌದು, ನಮ್ಮ ಯಜಮಾನರಿಗೂ ಹಂಗೇ ಆಗಿತ್ತು ಎಂದು ಸೊಪ್ಪಿನ ಪುಟ್ಟಿ ಹಿಡಿದಿದ್ದ ಹೆಂಗಸೊಬ್ಬಳು ಸಾಕ್ಷಿ ಹೇಳಿದಳು.

ಮೇಷ್ಟ್ರು ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಪಂಚೆಯ ಹಿಂಬದಿಯನ್ನು ಮುಟ್ಟಿ ನೋಡಿಕೊಂಡರು. ಎಲ್ಲರಿಗೂ ಕಂಡಿತು.

“ಹಂಗಾದ್ರೆ ನಡೀರಿ,” ಎಂದರು.

ನಾನು ಹತ್ತುವ ಮೊದಲೇ ಚಿಕ್ಕಮಾರಯ್ಯ ಆಟೋ ಚಾಲೂ ಮಾಡಿದ್ದ. ಒಂದು ಆಟೋದಲ್ಲಿ ಮೇಷ್ಟ್ರು, ಮಗಳು, ನಾನು, ಮುಂದಿನ ಸೀಟಿನ ಅಂಚಿನಲ್ಲಿ ನೇತುಬಿದ್ದ ಅಂಜನ್. ಸರ್ವೀಸ್ ರಸ್ತೆಯಲ್ಲಿ ತಿರುಗಿಸಲು ಜಾಗವಿಲ್ಲದೆ ಹಿಂದಹಿಂದಕ್ಕೇ ಓಡಿಸಿದ. ಹಾರ್ನ್ ಒತ್ತಿ ಹಿಡಿದವನು ಬಿಡಲೇ ಇಲ್ಲ. ದಾರಿಯಲ್ಲಿದ್ದವರೆಲ್ಲ ಹೆರಿಗೆ ನೋವಿನವರು ಇರಬೇಕೆಂದು ಪಕ್ಕಕ್ಕೆ ಸರಿದರು. ಇಂಪನಾಗೆ ಆ ಗಡಿಬಿಡಿಯಲ್ಲಿ ನಗು ಹತ್ತಿತು. ಅಪ್ಪನ ಭುಜಕ್ಕೆ ಮುಖ ಒತ್ತಿಕೊಂಡು ನಗುತ್ತಿದ್ದಳು, ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ನನಗೆ ತಿಳಿಯಲಿಲ್ಲ. ಮೇಷ್ಟ್ರು ಮಾತ್ರ ಗಂಭೀರವಾಗಿ, ಹಿಂದೆ ನೋಡ್ಕೊಂಡು ಓಡ್ಸಲಾ, ಎಂದು ಚಿಕ್ಕಮಾರಯ್ಯನಿಗೆ ಹೇಳಿದರು.

ಮತ್ತೆ ಮೇಜಿನ ಮೇಲೆ ಮಲಗಿದರು. ಉಡಿದಾರ ಇಲ್ಲ, ಕೈ ಮೇಲಕ್ಕೆ. ಈ ಸಲ ಅಂಜನ್ ಮೈಕಿನಲ್ಲಿ, ಉಸಿರು ಎಳ್ಕೊಳಿ ಸಾರ್, ಹಿಡ್ಕೊಳಿ, ಅಲ್ಲಾಡ್ಬೇಡಿ, ಎಂದ. ಮೇಷ್ಟ್ರು ಕಲ್ಲಿನ ಹಾಗೆ ಮಲಗಿದರು. ಎರಡನೇ ಚಿತ್ರ ಕೆಡಿಸಿದ ದೇಹ ಇದೇನಾ ಎಂದು ನಂಬಲಾಗಲಿಲ್ಲ. ಚುಚ್ಚಿ ಹತ್ತು ನಿಮಿಷ ಆಗುತ್ತ ಬಂದಿತ್ತು. ಕಾಯುವ ಕೋಣೆಯಲ್ಲಿ ಕೂರು ಎಂದರೂ ಕೇಳದೆ ಇಂಪನಾ ನನ್ನ ಕುರ್ಚಿಯ ಹಿಂದೆ ನಿಂತಿದ್ದಳು. ಅದು ನಿಯಮವಲ್ಲ. ಹೊರಗೆ ಹೋಗು ಎನ್ನುವುದು ನನ್ನ ಬಾಯಿಗೂ ಬರಲಿಲ್ಲ.

ಮೂರನೆಯ ಸಲದ ಚಿತ್ರಗಳು, ಹೊಟ್ಟೆಯನ್ನು ಹಾಳೆ ಹಾಳೆಯಾಗಿ ಕೊಯ್ದ ಹಾಗೆ, ಮೇಲಿಂದ ಒಂದೊಂದಾಗಿ ಬಂದವು. ಮೊದಲು ಶ್ವಾಸಕೋಶದ ಬುಡ, ಆಮೇಲೆ ಲಿವರಿನ ನೆತ್ತಿ. ಲಿವರಿನ ಬೆಳಕು ಇಳಿದುಹೋಗಿತ್ತು, ಮಧ್ಯದ ದೊಡ್ಡ ರಕ್ತನಾಳ ಕೂಡ ಮೊದಲಿನ ಹೊಳಪು ಬಿಟ್ಟು ಮಂದವಾಗಿತ್ತು. ಇನ್ನೆರಡು ಚಿತ್ರ ದಾಟಿದರೆ ಚುಕ್ಕೆಯ ಜಾಗ. ಅಲ್ಲಿ ಕಪ್ಪು ಕುಳಿ ಕಂಡರೆ ಈ ಹುಡುಗಿಗೆ ಯಾವ ಮುಖದಲ್ಲಿ ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಕೈಬೆರಳು ಮೌಸಿನ ಚಕ್ರದ ಮೇಲೆ ನಿಂತುಬಿಟ್ಟಿತು. ಎಷ್ಟು ಸಾವಿರ ಹೊಟ್ಟೆ ನೋಡಿದ್ದರೂ ಇಂಥ ಹೊತ್ತಿನಲ್ಲಿ ಭಯ ಆಗುತ್ತದೆ.

ತಿರುಗಿಸಿದೆ. ಚುಕ್ಕೆ ಅಲ್ಲೇ ಇತ್ತು, ಸುತ್ತಲ ಲಿವರಿಗಿಂತ ಬೆಳ್ಳಗೆ. ಆ ದೊಡ್ಡ ರಕ್ತನಾಳದ ಬಿಳಿ ಎಷ್ಟೋ ಅದರ ಬಿಳಿಯೂ ಅಷ್ಟೇ. ಮೊದಲ ಚಿತ್ರ ತೆರೆದು ಪಕ್ಕದಲ್ಲಿ ಇಟ್ಟೆ. ಅಲ್ಲಿ ರಕ್ತನಾಳ ಪ್ರಖರವಾಗಿದ್ದಾಗ ಚುಕ್ಕೆಯೂ ಪ್ರಖರವಾಗಿತ್ತು, ಇಲ್ಲಿ ರಕ್ತನಾಳ ಮಂದವಾದಾಗ ಚುಕ್ಕೆಯೂ ಅಷ್ಟೇ ಮಂದವಾಗಿತ್ತು. ರಕ್ತದ ಜೊತೆಗೇ ಬಂದದ್ದು, ರಕ್ತದ ಜೊತೆಗೇ ಉಳಿದಿತ್ತು, ಕ್ಯಾನ್ಸರಿನ ಸುತ್ತ ಕಾಣುವಂಥ ಕವಚ ಅಂಚಿನಲ್ಲಿ ಇರಲಿಲ್ಲ. ಅಳತೆ ಹಾಕಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡೆ. ಕೆಟ್ಟುಹೋದ ಎರಡನೇ ಚಿತ್ರದಲ್ಲೂ, ಈಗ ಗೊತ್ತಾದ ಮೇಲೆ ಹುಡುಕಿದರೆ, ಅಲುಗಾಟದ ನಡುವೆ ಚುಕ್ಕೆ ಕಪ್ಪಾಗಿರಲಿಲ್ಲ.

ಕುರ್ಚಿ ತಿರುಗಿಸಿದೆ. ಏನೂ ಇಲ್ಲ ತಾನೇ ಡಾಕ್ಟ್ರೇ ಎಂದು ಅವಳು ಕೇಳಲಿಲ್ಲ. ನನ್ನ ಹತ್ತಿರ ಬಂದವರಲ್ಲಿ ಹಾಗೆ ಕೇಳದವಳು ಅವಳೊಬ್ಬಳೇ.

“ಎಲ್ರೂ ಎದ್ ಹೋದ್ರು,” ಎಂದೆ. “ಅದು ಇನ್ನೂ ಎದ್ದಿಲ್ಲ ಕಣಮ್ಮ. ಎಲೆ ಮುಂದೆ ಕೂತ್ಕೊಂಡು ಪಾಯಸ ಕೇಳ್ತಾ ಇದೆ.”

ಒಂದು ಗಳಿಗೆ ಅವಳು ನನ್ನ ಮುಖ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಸೆಂಟರಿಗೆಲ್ಲ ಕೇಳುವ ಹಾಗೆ ಅತ್ತಳು. ಅವಳ ಮುಷ್ಟಿ ಬಿಚ್ಚಿ ಉಡಿದಾರ ಕೆಳಗೆ ಬಿತ್ತು. ಅಂಗೈಯಲ್ಲಿ ಅದರ ಕೊಂಡಿಗಳ ಅಚ್ಚು ಒಂದೊಂದಾಗಿ ಮೂಡಿತ್ತು. ಹೆಪಟೈಟಿಸ್ ಬಿ ಇರುವುದರಿಂದ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬಾರದು, ಅದಕ್ಕೆ ಸೂಜಿ ಬೇಡ ಎಂದು ನಾನು ಹೇಳಬೇಕಾದದ್ದನ್ನು ಹೇಳುತ್ತಲೇ ಇದ್ದೆ. ಯಾರು ಕೇಳಿಸಿಕೊಂಡರೋ ಗೊತ್ತಿಲ್ಲ.

ಮೇಷ್ಟ್ರಿಗೆ ನಾನೇ ಹೋಗಿ ಹೇಳಿದೆ. ಮೂರು ಚಿತ್ರದ ಲೆಕ್ಕವನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಕೇಳಿದರು. ಮೊದಲನೆಯದರಲ್ಲಿ ಎರಡು ಸಾಧ್ಯತೆ, ಎರಡನೆಯದು ಕೆಟ್ಟುಹೋಯಿತು, ಮೂರನೆಯದರಲ್ಲಿ ಒಂದು ಸಾಧ್ಯತೆ ಬಿದ್ದುಹೋಯಿತು, ಉಳಿದದ್ದೇ ಉತ್ತರ, ಹಾಗೇ ತಾನೇ ಎಂದರು. ಹೌದು ಎಂದೆ. ಕಣ್ಣು ಮುಚ್ಚಿಕೊಂಡು ತಮ್ಮನ ಹೆಸರು ಹೇಳಿದರು, ಗಂಗಹನುಮ ಎಂದು. ಅಷ್ಟೇ. ಆಮೇಲೆ ಕನ್ನಡಕ ಒರೆಸಿಕೊಂಡರು.

ಔಷಧಿ ಚುಚ್ಚಿದ ಮೇಲೆ ಯಾರನ್ನೂ ನಾವು ತಕ್ಷಣ ಬಿಡುವುದಿಲ್ಲ. ತುರಿಕೆ, ಉಬ್ಬಸ ಬರುತ್ತದೆಯೇ ಎಂದು ಅರ್ಧ ಗಂಟೆ ಕೂರಿಸಿ ನೋಡುತ್ತೇವೆ, ಚೆನ್ನಾಗಿ ನೀರು ಕುಡಿಸುತ್ತೇವೆ. ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿದೆವು. ಎದುರಿಗೆ ಅಂಜನ್ ಸ್ಟೂಲು ಹಾಕಿಕೊಂಡು ಕಾವಲು ಕೂತ, ಇನ್ನೊಮ್ಮೆ ಓಡಿಹೋದರೆ ಅವನ ಕೆಲಸ ಹೋಗುತ್ತದೆ ಎಂದು ನಾನು ಹೇಳಿದ್ದೆ. ಇಂಪನಾ ಗುಬ್ಬಿಗೆ ಫೋನ್ ಮಾಡಿ ಅಮ್ಮ ಮಂಜುಳಮ್ಮನಿಗೆ ಸುದ್ದಿ ಹೇಳುತ್ತಿದ್ದಳು, ಆ ಕಡೆಯಿಂದ ಮಂಜುಳಮ್ಮ ಅಳುತ್ತಲೇ, ಊಟ ಏನು ಮಾಡಲಿ ಎಂದು ಕೇಳುವುದು ನಮಗೂ ಕೇಳಿಸುತ್ತಿತ್ತು. ಪಾಯಸ ಮಾಡು ಎಂದಳು ಇಂಪನಾ, ಏನಕ್ಕೆ ಎಂದು ವಿವರಿಸಲು ಹೋಗಿ ನಕ್ಕು ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಚಿಕ್ಕಮಾರಯ್ಯ ಎಲ್ಲರಿಗೂ ಕಾಫಿ ತಂದಿದ್ದ. ಮೇಷ್ಟ್ರು ಕಾಫಿ ಕುಡಿದರು, ನೀರು ಕುಡಿದರು, ಅಂಜನ್ ಸುರಿದುಕೊಟ್ಟಷ್ಟನ್ನೂ ಕುಡಿದರು.

ಆಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡರು. ಆ ಕಾಲು ತೆಗೆದು ಈ ಕಾಲು ಹಾಕಿಕೊಂಡರು. ಗೋಡೆಯ ಗಡಿಯಾರ ನೋಡಿದರು. ಮೂತ್ರಪಿಂಡಗಳು ತಮ್ಮ ಕೆಲಸ ಮಾಡಿದ್ದವು, ಬೆಳಗಬೇಕಾದದ್ದನ್ನೆಲ್ಲ ಬೆಳಗಿಸಿ ಮುಗಿಸಿದ ಔಷಧಿ ಕೊನೆಗೆ ಸೇರಬೇಕಾದ ಜಾಗ ಸೇರಿತ್ತು.

ಪುಟ್ಟರಂಗಯ್ಯ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತು, ಅಂಜನ್‌ಕುಮಾರನ ಮುಖ ನೋಡಿ, ಬಲಗೈಯ ಕಿರುಬೆರಳು ಎತ್ತಿದರು.

ಇಂಪನಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಜನ್ ಮೆಲ್ಲಗೆ ಎದ್ದ. ಬೀಜಗಣಿತದ ಇಡೀ ಅಧ್ಯಾಯ ಅವನ ಮುಖದಲ್ಲಿ ಹಾದುಹೋಯಿತು.

“ಪೀರಿಯಡ್ ಮುಗೀಲಿ ಸಾರ್,” ಎಂದ.

ಮೇಷ್ಟ್ರು ಅವನನ್ನು ನೋಡಿದರು, ಆ ಹಳೆಯ ನೋಟ. ಅಂಜನ್ ಈ ಸಲ ಕಣ್ಣು ತಗ್ಗಿಸಲಿಲ್ಲ. ಮೊದಲು ನಕ್ಕವರು ಮೇಷ್ಟ್ರೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಿಸಬೇಡ ಕಣೋ, ಈಗ ನಿಜವಾಗ್ಲೂ ಆಗ್ಬಿಡುತ್ತೆ, ಎಂದು ಹೇಳುವಷ್ಟರಲ್ಲಿ ಅಂಜನ್ ಓಡಿಹೋಗಿ ಬಚ್ಚಲಿನ ಬಾಗಿಲು ತೆರೆದು, ಒಳಗಿನ ದೀಪ ಹಾಕಿ, ಅವರು ಬರುವವರೆಗೂ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದ.